ಪದ ಮಾತಿಗಿಂತ ಹಿಂದ ಯಾಕ ಬೀಳ್ತಾವ?

"ಸರ್, ನಾನು ಗದಗದಾಗ ಒಂದ್ ಕೋಚಿಂಗ್ ಕ್ಲಾಸಿಗೆ ವಿಡಿಯೋ ಮಾಡಿಕೊಡ್ತೀನ್ರಿ. ನಮ್ ಸರ್ ಮಾತಾಡಿದ್ದು 40 ಸೆಕೆಂಡಿನ ಮೋಟಿವೇಷನ್ ವಾಯ್ಸ್ ಐತಿ, ಮೊಬೈಲ್ ವಿಡಿಯೋದಿಂದ ತಗದೀನಿ, ಬರೇ ಅಕ್ಷರ ಕುಣಿಸಿ ಕ್ಲಿಪ್ ಮಾಡಬೇಕು. ಆಫ್ಟರ್ ಎಫೆಕ್ಟ್ಸ್‌ನ್ಯಾಗ ವೇವ್‌ಫಾರ್ಮ್ ನೋಡಿ ನೋಡಿ ಪದಕ್ಕೊಂದ್ ಕೀಫ್ರೇಮ್ ಹಾಕೀನಿ, ಆದ್ರೂ ಪದ ತಡ ಬಂದಂಗ ಅನ್ನಸ್ತೈತಿ. ನನ್ ಲ್ಯಾಪ್‌ಟಾಪಿನಾಗ ಒಂದ್ ನಮೂನಿ, ಸರ್ ಫೋನಿನಾಗ ಇನ್ನೊಂದ್ ನಮೂನಿ. ಒಂದೊಂದ ಅಕ್ಷರ ಬರೋ ಎಫೆಕ್ಟ್ ಹಾಕಿದ್ರ ಒತ್ತಕ್ಷರ ಒಡದ್ ಹೋಗ್ತಾವು. ಫ್ರೇಮ್ ರೇಟ್ 25 ತಗದು 60 ಇಟ್ರ ಎಲ್ಲಾ ಸರಿ ಆಗ್ತೈತಿ ಅಂತ ಗೆಳ್ಯಾ ಹೇಳ್ತಾನ, ಖರೇ ಏನ್ರಿ? ಪ್ರಾಜೆಕ್ಟು, ವಾಯ್ಸು ಎರಡೂ ಕಳಿಸೀನಿ. 'ಫೇಲ್ ಆದಿ. ಆಗ್ಲಿ. ಪುಸ್ತಕ ಇನ್ನೂ ಸುಟ್ಟಿಲ್ಲಲ್ಲ?' ಅನ್ನೋ ಜಾಗಾ ಒಂದ್ಸಲ ನೋಡ್ರಿ."

ನಿಮ್ಮ ಗೆಳ್ಯಾ ಹೇಳಿದ್ದು ಖರೇ ಅಲ್ರಿ. 25ರ ಲೆಕ್ಕದಾಗ ಒಂದ್ ಫ್ರೇಮ್ ಅಂದ್ರ 40 ಮಿಲಿಸೆಕೆಂಡ್, 60 ಇಟ್ರ ಹತ್ತಿರ ಹತ್ತಿರ 17 ಆಗ್ತದ, ಅಷ್ಟ. ನಿಮ್ಮ ಪ್ರಾಜೆಕ್ಟ್ ತೆಗದು ನೋಡಿದ್ರ ಪದಗಳು ಏಳು ಫ್ರೇಮು, ಹತ್ತು ಫ್ರೇಮು ಹಿಂದ ಬಿದ್ದಾವ. ಅಂಥಾದ್ರಾಗ ಫ್ರೇಮ್ ಸಣ್ಣ ಮಾಡಿದ್ರ ತಪ್ಪು ಇನ್ನೂ ಸ್ಪಷ್ಟ ಕಾಣ್ತದ, ರೆಂಡರ್ ಎರಡು ಪಟ್ಟು ತಡ ಆಗ್ತದ, ಮತ್ತೇನೂ ಲಾಭ ಇಲ್ಲ. 25 ಹಂಗ ಇರ್ಲಿ.

ಮೊದ್ಲ ಒಂದ್ ಕೆಲಸ ಮಾಡ್ರಿ. ತಡ ಯಾವ ನಮೂನಿದು ಅಂತ ಗುರ್ತು ಹಿಡೀರಿ, ಯಾಕಂದ್ರ ಮೂರು ಬ್ಯಾರೆ ಬ್ಯಾರೆ ರೋಗಕ್ಕ ಜನ ಒಂದ ಹೆಸರು ಇಡ್ತಾರ, ಸಿಂಕ್ ಇಲ್ಲ ಅಂತ. ಕ್ಲಿಪ್ಪಿನ ಶುರುವಿನಾಗ ಬರೋಬ್ಬರಿ ಇದ್ದು ಹೋಗ್ತಾ ಹೋಗ್ತಾ ತಡ ಹೆಚ್ಚಾಗಾಕತ್ತಿದ್ರ ದೋಷ ಫೈಲಿಂದು. ಶುರುವಿಂದ ಕಡೀತನಕಾ ಎಲ್ಲಾ ಪದಾನೂ ಒಂದ ಅಳತಿ ತಡ ಇದ್ರ ದೋಷ ನೀವು ಕೇಳೋ ಸಾಮಾನಿಂದು, ಅಂದ್ರ ಹೆಡ್‌ಫೋನು ಇಲ್ಲಾ ಪ್ರಿವ್ಯೂ. ಒಂದ್ ಪದ ಸರಿ, ಮುಂದಿಂದು ತಡ, ಮತ್ತೊಂದು ಭಾಳ ತಡ, ಹಿಂಗಿದ್ರ ದೋಷ ಕೀಫ್ರೇಮಿಂದು. ನಿಮ್ಮಲ್ಲಿ ಎರಡನೇದೂ ಅದ ಮೂರನೇದೂ ಅದ. ಮೊದಲನೇದು ಸದ್ಯಕ್ಕ ಇಲ್ಲ, ಆದ್ರ ನೀವು ವಾಯ್ಸನ್ನ ಮೊಬೈಲ್ ವಿಡಿಯೋದಿಂದ ತಗದೀನಿ ಅಂತ ಬರದೀರಿ, ಹಂಗಿದ್ರ ಮುಂದ ಯಾವತ್ತರ ಅದೂ ಬರಬಹುದು, ಯಾಕಂದ್ರ ಮೊಬೈಲ್ ಕ್ಯಾಮೆರಾ ಫ್ರೇಮ್ ರೇಟ್ ಒಂದ ಇಡೂದಿಲ್ಲ, ಬೆಳಕು ಕಡಿಮಿ ಆದ್ರ ಇಳಸ್ತದ, ಹೆಚ್ಚಾದ್ರ ಏರಸ್ತದ. ವಿಡಿಯೋ ನಿಮಗ ಬೇಕಾಗಿಲ್ಲ, ಬರೇ ದನಿ ಬೇಕು. ಅದಕ್ಕ ದನಿ ಅಷ್ಟ ಬ್ಯಾರೆ ತಗದು ವೇವ್ ಫೈಲ್ ಮಾಡಿ ಆಮ್ಯಾಲ ಒಳಗ ತಗೊಳ್ರಿ. ವಾಟ್ಸ್ಯಾಪ್ ವಾಯ್ಸ್ ನೋಟ್ ಬಂದ್ರೂ ಇದ ಕಮಾಂಡ್ ಸಾಕು, ಫೈಲಿನ ಹೆಸರು ಬದ್ಲಿ ಮಾಡ್ಕೊಳ್ರಿ.

```
ffmpeg -i sir.mp4 -vn -ar 48000 voice.wav
```

ಈಗ ಲ್ಯಾಪ್‌ಟಾಪಿನಾಗ ಒಂದು, ಫೋನಿನಾಗ ಒಂದು ಅನ್ನೋ ಮಾತಿಗೆ ಬರೋಣ. ನೀವು ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಕೆಲಸ ಮಾಡ್ತೀರಿ ಅಂತ ನನ್ನ ಅನುಮಾನ. ಬ್ಲೂಟೂತ್‌ದಾಗ ದನಿ ಕಿವಿಗೆ ಮುಟ್ಟೂದ್ರಾಗ 100ರಿಂದ 200 ಮಿಲಿಸೆಕೆಂಡ್ ತಡ ಆಗೂದು ಮಾಮೂಲಿ, ಕೆಲವು ಇನ್ನೂ ಹೆಚ್ಚು ತಡ ಮಾಡ್ತಾವ. ಸಿನಿಮಾ ನೋಡೋ ಆ್ಯಪ್‌ಗಳು ಆ ತಡ ಲೆಕ್ಕ ಹಾಕಿ ಚಿತ್ರಾನೂ ಅಷ್ಟ ತಡ ತೋರಸ್ತಾವ, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾ ಹೊತ್ತಿಗೂ ಹಂಗ ಮಾಡೂದಿಲ್ಲ. ನೀವು ತಡ ಕೇಳೋ ದನಿಗೆ ಪದ ಹೊಂದಿಸಿರ್ತೀರಿ, ಸರ್ ಫೋನಿನ ಸ್ಪೀಕರಿನಾಗ ದನಿ ಹೊತ್ತಿಗೆ ಸರಿಯಾಗಿ ಬರ್ತದ, ಅಲ್ಲಿ ನಿಮ್ಮ ಪದ ಮೂರು ನಾಕು ಫ್ರೇಮ್ ಹಿಂದ ಉಳೀತದ. ವೈರ್ ಇರೋ ಇಯರ್‌ಫೋನ್ ಒಂದ್ ತರ್ರಿ, ಈ ಕೆಲಸಕ್ಕ ಅದಕ್ಕಿಂತ ಒಳ್ಳೇದು ಬ್ಯಾರೆ ಇಲ್ಲ. ಇನ್ನೊಂದು, ಪ್ರಿವ್ಯೂ ಓಡೂವಾಗ ಇನ್ಫೋ ಪ್ಯಾನೆಲಿನ್ಯಾಗ ಫ್ರೇಮ್ ರೇಟ್ ಕೆಂಪಗ ಕಾಣಾಕತ್ತಿದ್ರ ಅದು ನಿಜವಾದ ವೇಗದಾಗ ಓಡವಲ್ದು ಅಂತ ಅರ್ಥ, ಆ ಹೊತ್ತಿನ್ಯಾಗ ಸಿಂಕ್ ಬಗ್ಗೆ ಏನೂ ತೀರ್ಮಾನ ಮಾಡಬ್ಯಾಡ್ರಿ. ರೆಸಲ್ಯೂಷನ್ ಅರ್ಧಕ್ಕ ಇಳಿಸಿ ಮತ್ತ ನೋಡ್ರಿ.

ಇವೆರಡು ಸಣ್ಣವು. ನಿಮ್ಮ ಖರೇ ತೊಂದ್ರಿ ಬ್ಯಾರೆ ಅದ, ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರ ನನ್ನ ಹತ್ರ ಕಲೀಲಿಕ್ಕೆ ಬರೋ ಹುಡುಗ್ರು ಪೈಕಿ ಮುಕ್ಕಾಲು ಮಂದಿ ಇಲ್ಲೇ ಎಡವೂದು.

ನೀವು ವೇವ್‌ಫಾರ್ಮ್ ಎಲ್ಲಿ ಏಳ್ತದೋ ಅಲ್ಲಿಂದ ಅನಿಮೇಷನ್ ಶುರು ಮಾಡೀರಿ. "ಆಗ್ಲಿ" ಪದ ನೋಡ್ರಿ. ಐದನೇ ಸೆಕೆಂಡಿನ 20ನೇ ಫ್ರೇಮಿಗೆ ಸರ್ "ಆ" ಅಂತಾರ, ನಿಮ್ಮ ಮೊದಲನೇ ಕೀಫ್ರೇಮ್ ಸರಿಯಾಗಿ ಅಲ್ಲೇ ಅದ, ಎರಡನೇದು ಹತ್ತು ಫ್ರೇಮ್ ಆದಮ್ಯಾಲ ಅಂದ್ರ ಆರನೇ ಸೆಕೆಂಡಿನ ಐದನೇ ಫ್ರೇಮಿಗೆ. ಆದ್ರ ಸರ್ ಆರು ಸೆಕೆಂಡ್ ನಾಕ್ ಫ್ರೇಮಿಗೆ "ಆಗ್ಲಿ" ಅಂದು ಮುಗಿಸ್ಯಾರ. ಅವರು ಬಾಯಿ ಮುಚ್ಚಿದ ಮ್ಯಾಲ ನಿಮ್ಮ ಪದ ಬಂದು ನಿಲ್ತದ. ಕೀಫ್ರೇಮ್ ಬರೋಬ್ಬರಿ ಹಾಕೀನಿ ಅಂತ ನಿಮಗ ಅನಸ್ತದ, ಯಾಕಂದ್ರ ಹಾಕಿದ್ದು ಬರೋಬ್ಬರಿ ಜಾಗಾದಾಗನ. ಆದ್ರ ನೋಡೋರ ಕಣ್ಣು ಲೆಕ್ಕ ಹಿಡಿಯೂದು ಪದ ಹೊರಟಿದ್ದಕ್ಕಲ್ಲ, ಬಂದು ನಿಂತಿದ್ದಕ್ಕ. ನಮ್ಮ ಕಡೆ ಸಂಗೀತ ಕೇಳಿದೋರಿಗೆ ಇದು ಹೇಳೂದೇ ಬ್ಯಾಡ, ತಾನ ಎಲ್ಲಿಂದರ ಏಳಲಿ, ಬಂದು ಬೀಳೂದು ತಾಳದ ಮೊದಲನೇ ಹೊಡತ ಸಮ್ ಮ್ಯಾಲ. ಹಂಗ ನಿಮ್ಮ ಎರಡನೇ ಕೀಫ್ರೇಮ್ ದನಿ ಮ್ಯಾಲ ಬೀಳಬೇಕು, ಮೊದಲನೇದು ಅದಕ್ಕಿಂತ ಮುಂಚೆ ಹೋಗಬೇಕು.

ಎಷ್ಟು ಮುಂಚೆ ಅಂದ್ರ ಐದು ಫ್ರೇಮ್ ಸಾಕು. ಹತ್ತು ಫ್ರೇಮಿನ ಚಲನಿ ಮಾತಿನ ವೇಗಕ್ಕ ಉದ್ದ ಆಗ್ತದ, ಮುಂದಿನ ಪದ ಬರೂ ಹೊತ್ತಿಗೆ ಹಿಂದಿಂದು ಇನ್ನೂ ಅಲುಗಾಡ್ತಿರ್ತದ. ಮತ್ತ ನೀವು ಎರಡೂ ಕೀಫ್ರೇಮಿಗೆ F9 ಒತ್ತೀರಿ, ಎಲ್ಲಾರೂ ಒತ್ತತಾರ. ಅದರಿಂದ ಪದ ನಿಧಾನಕ್ಕ ಹೊರಟು, ನಡುವ ಜೋರಾಗಿ, ಮತ್ತ ನಿಧಾನಕ್ಕ ನಿಲ್ತದ. ಹೊರಡೂವಾಗ ನಿಧಾನ ಆಗೂದ ತಡ ಅನಸ್ಲಿಕ್ಕೆ ಕಾರಣ. ಮೊದಲನೇ ಕೀಫ್ರೇಮಿನ F9 ತಗದು ಸಾದಾ ಇಡ್ರಿ, ಎರಡನೇದಕ್ಕ ಅಷ್ಟ Shift+F9 ಒತ್ರಿ. ಆಗ ಪದ ಒಮ್ಮೆಲೇ ನುಗ್ಗಿ ಬಂದು ಮೆತ್ತಗ ಕುಂದರ್ತದ, ಚಲನಿ ಬಹಳಷ್ಟು ಮೊದಲಿನ ಮೂರು ಫ್ರೇಮಿನಾಗ ಮುಗದಿರ್ತದ, ಅಂದ್ರ ಕಣ್ಣಿಗೆ ಪದ ದನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಂದಂಗ ಆಗ್ತದ. ಅದು ಒಳ್ಳೇದ. ಟಿವಿ ಪ್ರಸಾರಕ್ಕಂತ ಐಟಿಯು ಅನ್ನೋ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥಾ ಕೊಟ್ಟ ಲೆಕ್ಕದಾಗ ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದ್ರ ಸಾಕು ಜನಕ್ಕ ಗೊತ್ತಾಗ್ತದ, ಅದ ದನಿ ಹಿಂದ ಉಳಿದ್ರ ಸುಮಾರು 125ರ ತನಕಾ ಗೊತ್ತಾಗೂದಿಲ್ಲ. ಅದು ತುಟಿಯ ಲೆಕ್ಕ, ಅಕ್ಷರದ್ದಲ್ಲ, ಆದ್ರ ನನ್ನ ಅನುಭವದಾಗ ಅಕ್ಷರಕ್ಕೂ ದಿಕ್ಕು ಇದ. ಪದ ಎರಡು ಫ್ರೇಮ್ ಮುಂಚೆ ಬಂದ್ರ ಯಾರೂ ಕೇಳೂದಿಲ್ಲ, ಎರಡು ಫ್ರೇಮ್ ತಡ ಬಂದ್ರ ಎಲ್ಲಾರಿಗೂ ಏನೋ ಸರಿ ಇಲ್ಲ ಅನಸ್ತದ.

ಮುಂದಿನ ಪ್ರಶ್ನಿ, ದನಿ ಮ್ಯಾಲ ಅಂದ್ರ ದನಿಯ ಯಾವ ಜಾಗಾದ ಮ್ಯಾಲ. ಇಲ್ಲಿ ವೇವ್‌ಫಾರ್ಮ್ ಮೋಸ ಮಾಡ್ತದ, ಅದರಾಗೂ ಕನ್ನಡಕ್ಕ ಭಾಳ ಮೋಸ ಮಾಡ್ತದ.

ನಮ್ಮ ಕಿವಿ ಒಂದ್ ಪದ ಯಾವಾಗ ಬಂತು ಅಂತ ತಿಳ್ಕೊಳ್ಳೂದು ವ್ಯಂಜನ ಶುರು ಆದ ಕ್ಷಣದಾಗಲ್ಲ, ಸುಮಾರಾಗಿ ಮೊದಲನೇ ಸ್ವರ ಎದ್ದ ಕ್ಷಣದಾಗ. 1976ರಾಗ ಮಾರ್ಟನ್, ಮಾರ್ಕಸ್, ಫ್ರಾಂಕಿಶ್ ಅನ್ನೋ ಮೂವರು ಇದರ ಮ್ಯಾಲ ಬರದ್ರು, ಆ ಕ್ಷಣಕ್ಕ ಪಿ-ಸೆಂಟರ್ ಅಂತ ಹೆಸರಿಟ್ರು. "ಆಗ್ಲಿ" ಸ್ವರದಿಂದನ ಶುರು ಆಗ್ತದ, ತೊಂದ್ರಿ ಇಲ್ಲ. "ಫೇಲ್" ಮೊದಲು ತುಟಿಯಿಂದ ಗಾಳಿ ಬಿಡ್ತದ, ನಿಮ್ಮ ಫೈಲಿನ್ಯಾಗ ಆ ಗಾಳಿ 4 ಸೆಕೆಂಡ್ 7 ಫ್ರೇಮಿಗೆ ಸಣ್ಣ ನೂಲಿನಂಗ ಶುರು ಆಗಿ "ಏ" 10ನೇ ಫ್ರೇಮಿಗೆ ದಪ್ಪಗ ಏಳ್ತದ. ಮಾರ್ಕರ್ ಹಾಕೂದು 10ಕ್ಕ. "ಸ", "ಶ", "ಫ" ಇಂದ ಶುರು ಆಗೋ ಎಲ್ಲಾ ಪದಕ್ಕೂ ಹಿಂಗ ಎರಡು ಮೂರು ಫ್ರೇಮ್ ಆಚಿಗೆ ಹೋಗ್ಬೇಕು.

ಇನ್ನ "ಪುಸ್ತಕ ಇನ್ನೂ". ಬರಿಯೂವಾಗ ಎರಡು ಪದ, ಸರ್ ಬಾಯಾಗ "ಪುಸ್ತಕಿನ್ನೂ" ಅಂತ ಒಂದ ಪದ. ನಡುವ ಸಂದು ಇಲ್ಲವೇ ಇಲ್ಲ. ನೀವು "ಇನ್ನೂ" ಅನ್ನೋದಕ್ಕ ಬ್ಯಾರೆ ಕೀಫ್ರೇಮ್ ಹುಡುಕೀರಿ, ಸಿಕ್ಕಿಲ್ಲ, ಅಂದಾಜಿನ ಮ್ಯಾಲ ಒಂದ್ ಕಡೆ ಹಾಕೀರಿ, ಅಲ್ಲಿ ಕಚಕ್ ಅಂತದ. ಬಾಯಿ ಕೂಡಿಸಿದ್ದನ್ನ ನೀವು ಒಡೀಬ್ಯಾಡ್ರಿ, "ಪುಸ್ತಕ ಇನ್ನೂ" ಎರಡೂ ಕೂಡೇ ಬರ್ಲಿ, 6 ಸೆಕೆಂಡ್ 15 ಫ್ರೇಮಿಗೆ "ಪು" ಮ್ಯಾಲ ಬಂದು ನಿಲ್ಲಲಿ.

ಎಲ್ಲಾದ್ಕಿಂತ ದೊಡ್ಡ ತಪ್ಪು "ಸುಟ್ಟಿಲ್ಲಲ್ಲ" ಒಳಗ ಅದ. ಅಲ್ಲಿ ವೇವ್‌ಫಾರ್ಮ್ ಏನ್ ತೋರಸ್ತದ ನೋಡ್ರಿ. 7 ಸೆಕೆಂಡ್ 4 ಫ್ರೇಮಿಗೆ "ಸ"ದ ಗಾಳಿ, 7ನೇ ಫ್ರೇಮಿಗೆ "ಉ" ಏಳ್ತದ, 10ಕ್ಕ ಎಲ್ಲಾ ಬಂದ್, 14ರ ತನಕಾ ಸಪಾಟು, ಆಮ್ಯಾಲ ಒಂದ್ ದೊಡ್ಡ ಗೋಡಿ ಎದ್ದಂಗ ಏಳ್ತದ. ನೀವು ಆ ಸಪಾಟು ಜಾಗಾ ನೋಡಿ ಹಿಂದಿನ ಪದ ಇಲ್ಲಿಗೆ ಮುಗೀತು, ಹೊಸಾ ಪದ ಈ ಗೋಡಿಯಿಂದ ಶುರು ಅಂತ ತಿಳಕೊಂಡು 14ಕ್ಕ ಕೀಫ್ರೇಮ್ ಹಾಕೀರಿ. ಆ ಸಪಾಟು ಪದದ ಸಂದು ಅಲ್ರಿ, ಅದು "ಟ್ಟ". ಈ ದ್ವಿತ್ವ ಹೇಳೂವಾಗ ನಾಲಿಗಿ ಅಂಗುಳಕ್ಕ ಹತ್ತಿ ಗಾಳಿ ತಡದು ನಿಲ್ತದ, ಆ ಹೊತ್ತಿನ್ಯಾಗ ದನಿನ ಇರೂದಿಲ್ಲ, ನಾಕು ಫ್ರೇಮ್ ಅಂದ್ರ 160 ಮಿಲಿಸೆಕೆಂಡ್ ಮೌನ, ಅದೂ ಪದದ ಹೊಟ್ಟಿಯೊಳಗ. "ಎತ್ತು", "ಕೆಟ್ಟ", "ಒಪ್ಪು" ಎಲ್ಲಾದ್ರಾಗೂ ಹಿಂಗ ಇರ್ತದ, ಮೋಟಿವೇಷನ್ ಮಾತಿನ್ಯಾಗ ಇಂಥಾ ಪದಾನ ಹೆಚ್ಚು. ಅಂದ್ರ ಕನ್ನಡದಾಗ ಬಹಳ ಸಲ ಪದದ ನಡುವ ಸಂದು ಇರೂದಿಲ್ಲ, ಪದದ ಒಳಗ ಇರ್ತದ, ಕಣ್ಣಿಂದ ಅಷ್ಟ ನೋಡಿ ಕಡಿಯೋರು ಉಲ್ಟಾ ಕಡೀತಾರ. ನಿಮ್ಮ ಪದ ಇಲ್ಲಿ ಏಳು ಫ್ರೇಮ್ ತಡ ಶುರು ಆಗಿ, ಮ್ಯಾಲ ಹತ್ತು ಫ್ರೇಮಿನ ಚಲನಿ ಸೇರಿ, 7 ಸೆಕೆಂಡ್ 24 ಫ್ರೇಮಿಗೆ ಬಂದು ನಿಲ್ತದ, ಸರ್ ಮಾತು ಮುಗಿಯೂದೂ ಅಲ್ಲೇ. ಆಗಬೇಕಾಗಿದ್ದು 2ನೇ ಫ್ರೇಮಿಗೆ ಹೊರಟು 7ಕ್ಕ ನಿಲ್ಲೂದು.

ಇದನ್ನ ಕಿವಿಯಿಂದ ಹಿಡೀಬೇಕು. ವಾಯ್ಸ್ ಲೇಯರ್ ಆರಿಸಿ L ಎರಡು ಸಲ ಒತ್ತಿದ್ರ ವೇವ್‌ಫಾರ್ಮ್ ತೆರೀತದ, ಟೈಮ್‌ಲೈನ್ ಕಡ್ಡಿಯನ್ನ Ctrl ಹಿಡದು ಎಳದ್ರ ದನಿ ಸಣ್ಣ ಸಣ್ಣ ತುಣುಕಾಗಿ ಕೇಳಸ್ತದ, ಸ್ವರ ಎಲ್ಲಿ ಎದ್ದದ್ದು ಅಂತ ಕೇಳಿ ಅಲ್ಲಿ ನಂಬರ್ ಪ್ಯಾಡಿನ * ಒತ್ರಿ, ಮಾರ್ಕರ್ ಬೀಳ್ತದ. ಕೆಲವರು ಪ್ರಿವ್ಯೂ ಓಡಿಸ್ಕೋತನ * ಬಡೀತಾ ಹೋಗ್ತಾರ, ಲಗೂ ಮುಗೀತದ ಖರೇ, ಆದ್ರ ದನಿ ಕೇಳಿ ಬೆರಳು ಒತ್ತೂದ್ರಾಗ 150–200 ಮಿಲಿಸೆಕೆಂಡ್ ಹೋಗ್ತದ, ನಾಕೈದು ಫ್ರೇಮು. ಅದು ಕಚ್ಚಾ ಗುರುತು ಅಷ್ಟ, ಆಮ್ಯಾಲ ಒಂದೊಂದನ್ನ ಹಿಂದಕ್ಕ ಸರಿಸಲೇಬೇಕು.

ಮಾರ್ಕರ್ ಸರಿಸಿದ್ರ ಕೀಫ್ರೇಮೂ ಸರಿಸಬೇಕಲ್ಲ ಅಂತೀರಿ. ಬ್ಯಾಡ, ಎಕ್ಸ್‌ಪ್ರೆಷನ್ ಹಾಕ್ರಿ. ವಾಯ್ಸ್ ಲೇಯರಿಗೆ Voice ಅಂತ ಹೆಸರಿಟ್ಟು, ಮಾರ್ಕರ್ ಆ ಲೇಯರ್ ಮ್ಯಾಲ ಇರ್ಲಿ, ಪದದ ಸ್ಕೇಲಿಗೆ ಇದು:

```
m = thisComp.layer("Voice").marker.key(3).time;
f = thisComp.frameDuration;
easeOut(time, m - 5*f, m, [140,140], [100,100]);
```

ಒಪಾಸಿಟಿಗೆ ಇದು:

```
m = thisComp.layer("Voice").marker.key(3).time;
time > m - 5.5*thisComp.frameDuration ? 100 : 0;
```

ಇಲ್ಲಿ 3 ಅಂದ್ರ ಮೂರನೇ ಮಾರ್ಕರ್, ಪದ ಬದಲಾದಂಗ ಅದನ್ನ ಬದಲಿಸ್ರಿ. ಪದ ಐದು ಫ್ರೇಮ್ ಮುಂಚೆ ದೊಡ್ಡದಾಗಿ ಕಾಣಿಸ್ಕೊಂಡು ಮಾರ್ಕರ್ ಮ್ಯಾಲ ಬಂದು ತನ್ನ ಅಳತಿಗೆ ನಿಲ್ತದ. ಮಾರ್ಕರ್ ಎಳದ್ರ ಪದ ತಾನ ಹಿಂದ ಬರ್ತದ. ಒಂದ್ ಅಪಾಯ ಅದ, ನಡುವ ಹೊಸಾ ಮಾರ್ಕರ್ ಹಾಕಿದ್ರ ಅದರ ಮುಂದಿನ ಎಲ್ಲಾ ನಂಬರ್ ಒಂದೊಂದು ಏರ್ತಾವ, ಮುಂದಿನ ಪದಗಳೆಲ್ಲಾ ಒಂದ್ ಮಾರ್ಕರ್ ಮುಂಚೆ ಬರ್ತಾವ. ಅದಕ್ಕ ಮಾರ್ಕರ್ ಎಲ್ಲಾ ಹಾಕಿ ಮುಗಿಸಿದ ಮ್ಯಾಲ ಎಕ್ಸ್‌ಪ್ರೆಷನ್ ಹಚ್ರಿ.

ಎಲ್ಲಾ ಪದಕ್ಕೂ ಇದನ್ನ ಮಾಡಬ್ಯಾಡ್ರಿ ಮತ್ತ. ಈ ಮೂರು ಮಾತಿನ್ಯಾಗ ಹೊಡತ ಇರೂದು ಎರಡು ಕಡೆ, "ಆಗ್ಲಿ" ಮತ್ತ "ಸುಟ್ಟಿಲ್ಲಲ್ಲ". "ಫೇಲ್ ಆದಿ" ಸುಮ್ನ ಬರ್ಲಿ, ಚಲನಿನ ಬ್ಯಾಡ, ಕಟ್ ಆಗಿ ಕಾಣಲಿ, ಆಮ್ಯಾಲ ಸರ್ ಹತ್ತಿರ ಹತ್ತಿರ ಒಂದ್ ಸೆಕೆಂಡ್ ಸುಮ್ನಾಗ್ತಾರ, ಆ ಸೆಕೆಂಡಿನಾಗ ಸ್ಕ್ರೀನ್ ಮ್ಯಾಲ ಏನೂ ಅಲುಗಾಡಬಾರ್ದು. ನೀವು ಅಲ್ಲಿ ಹಿಂದ ಬ್ಯಾಕ್‌ಗ್ರೌಂಡ್ ಝೂಮ್ ಮಾಡೀರಿ, ತಗದ್ ಹಾಕ್ರಿ. ಕನ್ನಡದಾಗ ಕ್ರಿಯಾಪದ ಕಡೀಕ ಬರ್ತದ, ಹೊಡತಾನೂ ಬಹಳ ಸಲ ಅಲ್ಲೇ ಇರ್ತದ. ಓದೋ ಕಣ್ಣು ಕೇಳೋ ಕಿವಿಗಿಂತ ಜೋರು, ಪೂರಾ ಸಾಲು ಒಮ್ಮೆಲೇ ತೋರಿಸಿದ್ರ ಸರ್ "ಪುಸ್ತಕ" ಅನ್ನೂದ್ರಾಗ ನೋಡೋನು "ಸುಟ್ಟಿಲ್ಲಲ್ಲ" ಓದಿ ಮುಗಿಸಿರ್ತಾನ, ಸರ್ ಹೊಡದ ಪಂಚು ಗಾಳಿಗೆ ಹೋಗ್ತದ. ಅದಕ್ಕ ಕಡೀ ಪದ ಒಂದನ್ನ ತಡದು ಹಿಡೀರಿ, ಉಳದಿದ್ದು ಕೂಡೇ ಬಂದ್ರೂ ನಡೀತದ. ಬಂದ ಮ್ಯಾಲ ಕಡೀ ಪದ ಕಡಿಮಿ ಅಂದ್ರೂ ಒಂದ್ ಸೆಕೆಂಡ್ ನಿಂತಿರ್ಲಿ, ಸರ್ ಮುಂದಿನ ಮಾತು ಶುರು ಮಾಡಿದ್ರೂ ಅಡ್ಡಿ ಇಲ್ಲ.

ಒತ್ತಕ್ಷರದ ವಿಷಯ. ಇದಕ್ಕೂ ಸಿಂಕಿಗೂ ಸಂಬಂಧ ಇಲ್ಲ ಅಂತ ಅನಸ್ತದ, ಆದ್ರ ಅದ. ಒಂದೊಂದ ಅಕ್ಷರ ಬರೋ ಎಫೆಕ್ಟ್ ಇಂಗ್ಲಿಷ್ ಲಿಪಿಗಂತ ಮಾಡಿದ್ದು, ಅದಕ್ಕ "ಸ್ತ" ಅಂದ್ರ ಒಂದ್ ಅಕ್ಷರ ಅಂತ ಗೊತ್ತಿಲ್ಲ, "ಸ"ನೂ ಒತ್ತೂ ಬ್ಯಾರೆ ಬ್ಯಾರೆ ತುಣುಕು ಅಂತ ಎಣಸ್ತದ, ಒಂದನ್ನ ಮೊದಲು ಇನ್ನೊಂದನ್ನ ಆಮ್ಯಾಲ ತರ್ತದ. ಮೊದಲು ಪ್ರಿಫರೆನ್ಸಸ್ ಒಳಗ Type ಅನ್ನೋದನ್ನ ತೆರದು ನೋಡ್ರಿ, ಹಳೇ ವರ್ಷನ್ ಇದ್ರ ಅಲ್ಲಿ South Asian and Middle Eastern ಅಂತ ಇರ್ತದ, ಅದನ್ನ ಆರಿಸಿ ಸಾಫ್ಟ್‌ವೇರ್ ಬಂದ್ ಮಾಡಿ ಮತ್ತ ತೆರೀರಿ. "ರಾಷ್ಟ್ರ", "ಸ್ತ್ರೀ", "ಅರ್ಥ" ಮೂರು ಪದ ಟೈಪ್ ಮಾಡಿ ಸರಿ ಕಾಣ್ತಾವಿಲ್ಲೋ ನೋಡ್ಕೊಳ್ರಿ, "ಅರ್ಥ"ದಾಗ ಅರ್ಕಾವತ್ತು ಜಾಗಾದಾಗ ಬಂತು ಅಂದ್ರ ಸಾಮಾನ್ಯವಾಗಿ ಉಳದಿದ್ದೂ ಬರ್ತಾವ. ನುಡಿ, ಬರಹದ ಹಳೇ ಆಸ್ಕಿ ಫಾಂಟ್ ಬಿಡ್ರಿ, ಯೂನಿಕೋಡ್ ಫಾಂಟ್ ತಗೊಳ್ರಿ, ದಪ್ಪ ಅಕ್ಷರ ಬೇಕಂದ್ರ ಬಾಲೂ ತಮ್ಮ 2, ಅನೇಕ್ ಕನ್ನಡ ಎರಡೂ ಪುಕ್ಕಟೆ ಸಿಗ್ತಾವ.

ಅದಾದ ಮ್ಯಾಲೂ ಅಕ್ಷರ ಅಕ್ಷರ ಅನಿಮೇಟ್ ಮಾಡಬ್ಯಾಡ್ರಿ. ಟೆಕ್ಸ್ಟ್ ಅನಿಮೇಟರಿನ ರೇಂಜ್ ಸೆಲೆಕ್ಟರ್ ಒಳಗ Based On ಅಂತ ಅದ, ಅದನ್ನ Characters ಇಂದ Words ಮಾಡ್ರಿ, ಪದ ಇಡೀದಾಗಿ ಬರ್ತದ, ಒತ್ತು ಒಡಿಯೂದಿಲ್ಲ. ಕೆಲವರು ಟೆಕ್ಸ್ಟನ್ನ ಶೇಪ್ ಮಾಡಿ ಒಂದೊಂದ ಅಕ್ಷರ ಕೈಯಿಂದ ಗುಂಪು ಕಟ್ತಾರ. ಚಂದ ಬರ್ತದ, ಆದ್ರ ಸರ್ "ಸುಟ್ಟಿಲ್ಲಲ್ಲ ಬ್ಯಾಡ, ಹರದಿಲ್ಲಲ್ಲ ಮಾಡು" ಅಂದ್ರ ಮತ್ತ ಮೊದಲಿಂದ ಶುರು ಮಾಡ್ಬೇಕು, ಕ್ಲಾಸಿನೋರ ಕೆಲಸದಾಗ ಅಂಥಾ ಬದಲಾವಣಿ ಬಂದೇ ಬರ್ತದ ಅಂತ ನಿಮಗೂ ಗೊತ್ತು. ಪದ ಬರದಂಗ ಕಾಣಬೇಕು ಅಂದ್ರ ನಾನು ಪದಕ್ಕ ಒಂದ್ ಮಾಸ್ಕ್ ಹಾಕಿ ಎಡದಿಂದ ಬಲಕ್ಕ ತೆರೀತೀನಿ, ಒತ್ತು ತನ್ನ ಅಕ್ಷರದ ಜೊತೀಗೆ ಬರ್ತದ. ಆದ್ರ ಆ ಮಾಸ್ಕ್ ಕೆಳಗಿನ ಕಡೆ ಧಾರಾಳ ಬಿಡ್ರಿ, ಇಂಗ್ಲಿಷಿನ ಅಳತಿಗೆ ಎಳದ್ರ "ಟ್ಟ", "ಲ್ಲ"ದ ಒತ್ತಿನ ಕಾಲು ಕತ್ತರಿಸಿ ಹೋಗ್ತಾವ. ಮತ್ತ ಮಾಸ್ಕಿನ ಲೆಕ್ಕ ಸ್ಕೇಲಿನಂಗಲ್ಲ. "ಸುಟ್ಟಿಲ್ಲಲ್ಲ" ಪೂರಾ 7ನೇ ಫ್ರೇಮಿಗೆ ತೆರದಿರ್ಬೇಕು ಅಂತಿಲ್ಲ, ಆ ಫ್ರೇಮಿಗೆ "ಸು" ಕಂಡ್ರ ಸಾಕು, "ಟ್ಟಿ" 14ಕ್ಕ ಕಾಣಲಿ, ನಡುವಿನ ಮೌನದ ನಾಕು ಫ್ರೇಮ್ ಮಾಸ್ಕ್ ನಿಂತ್ಕೊಳ್ಳಲಿ. ಇಷ್ಟು ಮಾಡಿದ್ರ ಸರ್ ನಾಲಿಗಿ ತಡದಿದ್ದು ಕಣ್ಣಿಗೂ ಕಾಣಸ್ತದ. ಇಡೀ 40 ಸೆಕೆಂಡಿಗೆ ಹಿಂಗ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ಈ ಒಂದ್ ಪದಕ್ಕ ಮಾಡ್ರಿ. ಈ ಪದಕ್ಕ ಮ್ಯಾಲಿನ ಎಕ್ಸ್‌ಪ್ರೆಷನ್ ಬ್ಯಾಡ, ಮಾಸ್ಕಿಗೆ ಕೈಲೆ ಕೀಫ್ರೇಮ್ ಹಾಕ್ರಿ.

ಮುಗಿಸಿದ ಮ್ಯಾಲ ಎರಡು ಪರೀಕ್ಷಾ. ಸ್ಕೇಲ್ ಆಗೋ ಪದಗಳ ಮಾರ್ಕರಿಗೆ ಹೋಗಿ ನಿಲ್ಲಿಸಿ ನೋಡ್ರಿ, ಆ ಫ್ರೇಮಿನ್ಯಾಗ ಪದ ತನ್ನ ಪೂರಾ ಅಳತಿಗೆ ನಿಂತಿರ್ಬೇಕು, ಇನ್ನೂ ಬರ್ಲಿಕ್ಕತ್ತಿದ್ರ ಚಲನಿ ಉದ್ದ ಆಗ್ಯದ. ಎರಡನೇದಕ್ಕ ಪ್ರಾಜೆಕ್ಟಿನ ಒಂದ್ ಕಾಪಿ ಮಾಡ್ಕೊಳ್ರಿ, ಎಕ್ಸ್‌ಪ್ರೆಷನ್ ಎಲ್ಲಾ ಕೀಫ್ರೇಮ್ ಮಾಡಿ, ಇಲ್ಲಾಂದ್ರ ಮಾರ್ಕರ್ ಜೊತಿ ಪದಾನೂ ಸರೀತಾವ. ಆಮ್ಯಾಲ ವಾಯ್ಸ್ ಲೇಯರ್ ಆರಿಸಿ Alt+Page Down ಒತ್ತಿದ್ರ ದನಿ ಒಂದ್ ಫ್ರೇಮ್ ಆಚಿಗೆ ಹೋಗ್ತದ, Alt+Page Up ಒತ್ತಿದ್ರ ಈಚಿಗೆ ಬರ್ತದ. ದನಿ ಆಚಿಗೆ ತಳ್ಳಿದಾಗ ಹೆಚ್ಚು ಚಂದ ಅನಿಸಿದ್ರ ನಿಮ್ಮ ಪದ ಇನ್ನೂ ತಡ ಅದಾವ ಅಂತ, ಈಚಿಗೆ ತಂದಾಗ ಚಂದ ಅನಿಸಿದ್ರ ಭಾಳ ಮುಂಚೆ ಹೋಗ್ಯಾವ ಅಂತ. ಎರಡೂ ಕಡೆ ಕೆಟ್ಟ ಅನಿಸಿದ್ರ ಬರೋಬ್ಬರಿ ಅದ. ಇದನ್ನ ಸರ್ ಮುಂದ ಫೋನಿನ ಸ್ಪೀಕರಿನಾಗ ತೋರಸ್ರಿ, ಅವರ ಕಿವಿಗೂ ಬ್ಲೂಟೂತ್ ಹಾಕ್ಕೊಳ್ಳಾಕ ಬಿಡಬ್ಯಾಡ್ರಿ.